ಬಟ್ಟೆ ಒಣಗುವ ಪಾಠವೂ ಬುದ್ಧಿಯ ಆರು ಮೆಟ್ಟಿಲುಗಳೂ

ನಮ್ಮ ಶಾಲೆಯಲ್ಲಿ ಓದಿ ಹೋದವರಲ್ಲಿ ಕೆಲವರು ಈಗ ಬಿ.ಎಡ್. ಪರೀಕ್ಷೆಗೆ ಸಿದ್ಧರಾಗುತ್ತಿರುವರು. ಬ್ಲೂಮರ ಪರಿಷ್ಕೃತ ವರ್ಗೀಕರಣವನ್ನು ತರಗತಿಯ ಉದಾಹರಣೆಗಳೊಡನೆ ವಿವರಿಸುವ ಬಗೆ ಹೇಗೆಂದು ಅವರು ಇಲ್ಲಿಗೆ ಬಂದಾಗಲೆಲ್ಲಾ ಕೇಳುವುದುಂಟು. ಆ ಉತ್ತರವನ್ನು ಇಲ್ಲಿ ಬರೆದಿರುವೆನು. ಮಕ್ಕಳ ಪ್ರಶ್ನೆಪತ್ರಿಕೆಯನ್ನು ನೋಡುವ ತಂದೆತಾಯಿಗಳಿಗೂ ಇದು ಉಪಯೋಗಕ್ಕೆ ಬಂದೀತು.

ಅಮೆರಿಕಾ ದೇಶದ ಬೆಂಜಮಿನ್ ಬ್ಲೂಮ್ ಎಂಬವರೂ ಅವರ ಸಂಗಡಿಗರೂ 1956ರಲ್ಲಿ ಕಲಿಕೆಯ ಉದ್ದೇಶಗಳನ್ನು ಆರು ವರ್ಗಗಳಾಗಿ ವಿಂಗಡಿಸಿದರು. ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ ಎಂಬವೇ ಅವು. ಬ್ಲೂಮರ ಶಿಷ್ಯರಾದ ಲೋರಿನ್ ಆಂಡರ್ಸನ್ ಎಂಬವರೂ, ಮೊದಲಿನ ಗ್ರಂಥಕರ್ತರಲ್ಲೊಬ್ಬರಾದ ಡೇವಿಡ್ ಕ್ರಾಥ್‌ವೋಲ್ ಎಂಬವರೂ ಇತರರೊಡಗೂಡಿ 2001ರಲ್ಲಿ ಇದನ್ನು ತಿದ್ದಿದರು. ನಾಮಪದಗಳ ಸ್ಥಾನದಲ್ಲಿ ಕ್ರಿಯಾಪದಗಳು ಬಂದುವು. ಸಂಶ್ಲೇಷಣೆಯು ‘ಸೃಜಿಸುವುದು’ ಎಂಬ ಹೆಸರಿನಿಂದ ತುದಿಗೇರಿತು, ಮೌಲ್ಯಮಾಪನವು ಐದನೆಯದಾಯಿತು. ಜ್ಞಾನವನ್ನು ಬೇರೊಂದು ಆಯಾಮವಾಗಿ ತೆಗೆದಿರಿಸಿದರು. ಇಷ್ಟನ್ನು ಬರೆದ ಬಳಿಕ ಉದಾಹರಣೆಗೆ ಕೈಹಾಕಬೇಕು. ಆರು ಮೆಟ್ಟಿಲುಗಳಿಗೆ ಆರು ಪಾಠಗಳನ್ನು ಹುಡುಕದೆ, ಒಂದೇ ಪಾಠದಲ್ಲಿ ಆರನ್ನೂ ತೋರಿಸುವುದು ಲೇಸು. ಆಗಲೇ ಅವುಗಳ ಭೇದವು ಸ್ಪಷ್ಟವಾಗುವುದು. ನೀರು ಆವಿಯಾಗುವ ಪಾಠವನ್ನು ತೆಗೆದುಕೊಳ್ಳೋಣ.

ಆವಿಯಾಗುವಿಕೆಯ ವೇಗವನ್ನು ಹೆಚ್ಚಿಸುವ ಕಾರಣಗಳನ್ನು ಹೇಳೆಂದರೆ, ಹುಡುಗಿಯು ಶಾಖ, ಗಾಳಿ, ನೀರಿನ ಮೇಲ್ಮೈಯ ವಿಸ್ತಾರ ಎಂದು ನೆನಪಿನಿಂದ ಹೇಳುವಳು. ಇದು ಸ್ಮರಿಸುವುದು. ತಟ್ಟೆಯ ನೀರು ಚೊಂಬಿನ ನೀರಿಗಿಂತ ಬೇಗ ಆರುವುದೇಕೆಂಬುದನ್ನು ತನ್ನ ಮಾತಿನಲ್ಲಿ ಬಿಡಿಸಿ ಹೇಳಿದರೆ, ಅದು ಅರ್ಥೈಸಿಕೊಳ್ಳುವುದು. ಮಳೆಗಾಲದಲ್ಲಿ ಬಿಸಿಲಿಲ್ಲದ ದಿನ ಒದ್ದೆ ಸೀರೆಯನ್ನು ಸಂಜೆಯೊಳಗಾಗಿ ಒಣಗಿಸುವ ಬಗೆಯನ್ನು ಕೇಳಿದಾಗ, ಪೂರ್ತಿ ಬಿಡಿಸಿ ಫ್ಯಾನಿನ ಗಾಳಿಗೆ ಹರವಬೇಕೆಂದರೆ, ಅದು ಅನ್ವಯಿಸುವುದು.

ಇನ್ನು ಮೇಲಿನ ಮೆಟ್ಟಿಲುಗಳು. ಸಮನಾದ ಮೂರು ಒದ್ದೆ ಕರವಸ್ತ್ರಗಳಿವೆಯೆಂದು ಇಟ್ಟುಕೊಳ್ಳೋಣ. ಬಿಸಿಲಿನಲ್ಲಿ ಬಿಡಿಸಿಟ್ಟದ್ದು ಅರ್ಧ ಗಂಟೆಯಲ್ಲಿ, ಬಿಸಿಲಿನಲ್ಲಿ ಮಡಿಸಿಟ್ಟದ್ದು ಎರಡು ಗಂಟೆಯಲ್ಲಿ, ನೆರಳಿನಲ್ಲಿ ಬಿಡಿಸಿಟ್ಟದ್ದು ಒಂದು ಗಂಟೆಯಲ್ಲಿ ಒಣಗಿದುವು. ಯಾವ ಎರಡನ್ನು ಹೋಲಿಸಿದರೆ ವಿಸ್ತಾರದ ಪರಿಣಾಮವೂ, ಯಾವ ಎರಡನ್ನು ಹೋಲಿಸಿದರೆ ಶಾಖದ ಪರಿಣಾಮವೂ ತಿಳಿಯುವುದು? ಮೊದಲನೆಯದನ್ನೂ ಎರಡನೆಯದನ್ನೂ ಹೋಲಿಸಿದರೆ ವಿಸ್ತಾರ. ಮೊದಲನೆಯದನ್ನೂ ಮೂರನೆಯದನ್ನೂ ಹೋಲಿಸಿದರೆ ಶಾಖ. ಹೀಗೆ ಕಾರಣಗಳನ್ನು ಬಿಡಿಸಿ ಬೇರೆ ಮಾಡುವುದೇ ವಿಶ್ಲೇಷಿಸುವುದು.

ಒಬ್ಬಳು ಎರಡನೆಯದನ್ನೂ ಮೂರನೆಯದನ್ನೂ ಮಾತ್ರ ನೋಡಿ, ಬಿಸಿಲಿಗಿಂತ ನೆರಳೇ ಬೇಗ ಒಣಗಿಸುವುದೆಂದು ತೀರ್ಮಾನಿಸಿದಳೆನ್ನಿ. ಇದು ಒಪ್ಪತಕ್ಕದ್ದೋ ಅಲ್ಲವೋ? ಒಂದು ಪರೀಕ್ಷೆಯಲ್ಲಿ ಒಂದೇ ಅಂಶ ಬದಲಾಗಬೇಕೆಂಬ ಅಳತೆಗೋಲನ್ನು ಹಿಡಿದು, ಇಲ್ಲಿ ಎರಡು ಬದಲಾಗಿರುವುದರಿಂದ ತೀರ್ಮಾನ ನಿಲ್ಲದೆಂದು ಹೇಳುವುದು ಮೌಲ್ಯಮಾಪನ. ಅಳತೆಗೋಲಿಲ್ಲದೆ ‘ಸರಿಯಲ್ಲ’ ಎಂದರೆ ಅದು ಬರಿಯ ಅಭಿಪ್ರಾಯವಷ್ಟೇ. ಕಡೆಯದಾಗಿ, ಉಪ್ಪುನೀರು ಸಿಹಿನೀರಿಗಿಂತ ನಿಧಾನವಾಗಿ ಆರುವುದೋ ಎಂದು ತಿಳಿಯಲು ನೀನೇ ಒಂದು ಪ್ರಯೋಗವನ್ನು ಹೂಡೆನ್ನಬೇಕು. ಒಂದೇ ಅಳತೆಯ ಎರಡು ತಟ್ಟೆ, ಸಮನಾದ ನೀರು, ಒಂದೇ ಸ್ಥಳ, ಒಂದರಲ್ಲಿ ಮಾತ್ರ ಉಪ್ಪು ಎಂದು ಅವಳು ತಾನೇ ಯೋಜಿಸಿದರೆ, ಅದು ಸೃಜಿಸುವುದು.

ಇಲ್ಲಿ ಒಂದು ಎಚ್ಚರಿಕೆಯುಂಟು. ಹಿಂದೊಮ್ಮೆ ನಾನು ಪ್ರಶ್ನೆಪತ್ರಿಕೆಯಲ್ಲಿ ‘ವಿಮರ್ಶಿಸಿರಿ’ ಎಂದು ಬರೆದು, ಮೇಲಿನ ಮೆಟ್ಟಿಲಿನ ಪ್ರಶ್ನೆಯನ್ನು ಕೇಳಿದೆನೆಂದು ಸಂತೋಷಪಟ್ಟಿದ್ದೆನು. ಉತ್ತರಪತ್ರಿಕೆಗಳನ್ನು ತಿದ್ದುವಾಗ ತರಗತಿಯ ಹುಡುಗಿಯರೆಲ್ಲರೂ ಅವೇ ಐದು ಸಾಲುಗಳನ್ನು ಬರೆದಿದ್ದರು. ಅವು ನಾನೇ ಟಿಪ್ಪಣಿಯಲ್ಲಿ ಹೇಳಿ ಬರೆಸಿದ ಸಾಲುಗಳು! ಪ್ರಶ್ನೆಯ ಕ್ರಿಯಾಪದವು ವಿಮರ್ಶೆಯದು. ಮಕ್ಕಳು ಮಾಡಿದ ಕೆಲಸವೋ ಸ್ಮರಣೆಯದು. ತಪ್ಪು ಅವರದಲ್ಲ, ನನ್ನದು. ಮೇಲಣ ಕರವಸ್ತ್ರದ ಪ್ರಶ್ನೆಯನ್ನೂ ಹಿಂದಿನ ದಿನ ಉತ್ತರಸಹಿತವಾಗಿ ಬರೆಸಿಟ್ಟರೆ ಅದೂ ಮೊದಲನೆಯ ಮೆಟ್ಟಿಲಿಗೆ ಇಳಿಯುವುದು. ಆದಕಾರಣ ಮೆಟ್ಟಿಲನ್ನು ನಿರ್ಣಯಿಸುವುದು ಪ್ರಶ್ನೆಯ ಪದವಲ್ಲ, ಆ ಸಂದರ್ಭವು ಮಗುವಿಗೆ ಹೊಸದೋ ಅಲ್ಲವೋ ಎಂಬುದು. ಪರೀಕ್ಷೆಯಲ್ಲಿ ಕ್ರಿಯಾಪದಗಳ ಪಟ್ಟಿಯನ್ನಷ್ಟೇ ಬರೆದು ಬರುವವರು ಈ ಮಾತನ್ನು ಮರೆಯುವರು. ಇದನ್ನು ನಾಲ್ಕು ಸಾಲಿನಲ್ಲಿಯಾದರೂ ಬರೆಯತಕ್ಕದ್ದು.

ಆರು ವರ್ಗಗಳ ಎಲ್ಲೆಗಳು ಒಂದರೊಳಗೊಂದು ಸ್ವಲ್ಪ ಹಾಯುವುವೆಂದು ಪರಿಷ್ಕರಿಸಿದವರೇ ಒಪ್ಪಿರುವರು. ಒಳ್ಳೆಯ ವಿವರಣೆಯೊಂದು ಸುಲಭದ ಅನ್ವಯಕ್ಕಿಂತ ಕಠಿಣವಾಗಿರಬಹುದು. ಇನ್ನು ತಂದೆತಾಯಿಗಳಿಗೆ ಒಂದು ಮಾತು. ಮಗಳು ಪಾಠವನ್ನು ಒಪ್ಪಿಸಿದ ಬಳಿಕ, ಪುಸ್ತಕದಲ್ಲಿಲ್ಲದ ಒಂದು ಸಂಗತಿಯನ್ನು ಮನೆಯೊಳಗಿಂದಲೇ ತೆಗೆದು ಕೇಳಿರಿ. ಅವಳು ತಡೆದು ಯೋಚಿಸತೊಡಗಿದರೆ ಗಾಬರಿಯಾಗಬೇಡಿರಿ. ಅವಳು ಮೊದಲನೆಯ ಮೆಟ್ಟಿಲನ್ನು ಬಿಟ್ಟು ಮೇಲಕ್ಕೆ ಕಾಲಿಡುತ್ತಿರುವಳೆಂದು ತಿಳಿಯಿರಿ.