ಕಪ್ಪಾದ ಕಾಲ್ಗೆಜ್ಜೆಗೆ ಸೋಡಾ ಸ್ನಾನ

ಬೆಳ್ಳಿ ಗೆಜ್ಜೆಯ ಕಪ್ಪು ಬರಿಯ ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯೊಂದಿಗೆ ಕೂಡಿ ಆದ ಸಿಲ್ವರ್ ಸಲ್ಫೈಡ್ ಪದರ ಅದು. ಹಲ್ಲುಪುಡಿ ಹಾಕಿ ತಿಕ್ಕಿದರೆ ಪದರದ ಜೊತೆ ಬೆಳ್ಳಿಯೂ ಸವೆಯುತ್ತದೆ.

ಬದಲಿಗೆ ಗಾಜಿನ ಬಟ್ಟಲಿನ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಗೆಜ್ಜೆ ಅದಕ್ಕೆ ತಾಗುವಂತೆ ಇಡಿ. ಮೇಲೆ ಎರಡು ಚಮಚ ಅಡುಗೆ ಸೋಡಾ ಉದುರಿಸಿ, ಮುಳುಗುವಷ್ಟು ಬಿಸಿನೀರನ್ನು ನಿಧಾನವಾಗಿ ಸುರಿಯಿರಿ, ನೊರೆ ಉಕ್ಕುತ್ತದೆ. ಸೋಡಾ ನೀರು ಫಾಯಿಲಿನ ಮೇಲಿನ ಆಕ್ಸೈಡ್ ಪೊರೆಯನ್ನು ಕರಗಿಸುತ್ತದೆ. ಆಗ ಅಲ್ಯೂಮಿನಿಯಂನಿಂದ ಬೆಳ್ಳಿಗೆ ಎಲೆಕ್ಟ್ರಾನ್‌ಗಳು ಹರಿದು ಗಂಧಕ ಕಳಚಿಕೊಳ್ಳುತ್ತದೆ, ಬೆಳ್ಳಿ ಅಲ್ಲೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಸುಳಿದರೆ ಕೆಲಸ ನಡೆದಿದೆ ಎಂದರ್ಥ. ಒಂದು ಕೊಂಡಿ ಮಾತ್ರ ಕಪ್ಪಾಗಿಯೇ ಉಳಿದರೆ ಅದು ಫಾಯಿಲಿಗೆ ತಾಗಿಲ್ಲ; ಮಗುಚಿ ಇಡಿ. ಐದು ನಿಮಿಷದ ನಂತರ ತೊಳೆದು ಚೆನ್ನಾಗಿ ಒರೆಸಿ.

ಮುತ್ತು, ಹವಳ, ಅಂಟಿಸಿದ ಕಲ್ಲುಗಳಿರುವ ಒಡವೆಗೆ ಮಾತ್ರ ಇದನ್ನು ಮಾಡಲೇಬೇಡಿ.