ಮಧುನಾಶಿನಿ: ಇಲಿಯ ಲೆಕ್ಕ, ಮನುಷ್ಯರ ಲೆಕ್ಕ

ಪ್ರಶ್ನೆ: ಮಧುನಾಶಿನಿಯಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂದು ಸಂಶೋಧನೆ ಹೇಳಿದೆಯಂತೆ. ಮಾತ್ರೆ ಬಿಡಬಹುದೆ?
— ಓದುಗರೊಬ್ಬರು, ಗುಬ್ಬಿ

ಉತ್ತರ: ಬಿಡಬೇಡಿ. ವಾಸಿಯಾಗುತ್ತದೆಂಬ ಮಾತಿನ ಹಿಂದೆ 1990ರ ಎರಡು ಲೇಖನಗಳಿವೆ. ಒಂದು ಇಲಿಗಳದು: ಸ್ಟ್ರೆಪ್ಟೊಜೋಟೊಸಿನ್ ಎಂಬ ವಿಷದಿಂದ ಇನ್ಸುಲಿನ್ ಕೋಶಗಳನ್ನು ಹಾಳುಮಾಡಿ ಸೊಪ್ಪಿನ ಸಾರ ಕೊಟ್ಟಾಗ, ಆ ಕೋಶಗಳು ಹೆಚ್ಚಿದ್ದು ಕಂಡಿತು. ಆದರೆ ನಮಗೆ ಐವತ್ತರ ಮೇಲೆ ಬರುವ ಕಾಯಿಲೆ ಹಾಗೆ ವಿಷದಿಂದ ಬರುವುದಲ್ಲ. ಆ ಪ್ರಯೋಗ ತೋರಿಸಿದ್ದು ಸಾಧ್ಯತೆಯನ್ನಷ್ಟೆ.

ಇನ್ನೊಂದು ಮನುಷ್ಯರದು. ಮಾತ್ರೆಯ ಜೊತೆಗೆ ದಿನಕ್ಕೆ 400 ಮಿಲಿಗ್ರಾಂ ಸಾರ ತೆಗೆದುಕೊಂಡ 22 ಜನರಲ್ಲಿ, 18–20 ತಿಂಗಳಲ್ಲಿ 5 ಜನ ಮಾತ್ರೆ ಬಿಟ್ಟರು. ನೂರಕ್ಕೆ 23 ಎನ್ನೋಣ. ಗುಂಪು ಇಷ್ಟು ಚಿಕ್ಕದಾದರೆ ನಿಜವಾದ ಪ್ರಮಾಣ ನೂರಕ್ಕೆ 8 ಇರಬಹುದು, 45 ಇರಬಹುದು. ಪಥ್ಯ, ನಡಿಗೆಯ ಪಾಲೆಷ್ಟೋ? ಅದನ್ನು ಬೇರ್ಪಡಿಸಲು ಚೀಟಿ ಎತ್ತಿದಂತೆ ಗುಂಪು ಮಾಡಿ, ಒಂದಕ್ಕೆ ಹುಸಿಮಾತ್ರೆ ಕೊಡಬೇಕಿತ್ತು.

ಅಲ್ಲಿ ಕೊಟ್ಟದ್ದು ಅಳತೆಯ ಸಾರ, ಬೇಲಿಯ ಎಲೆಯಲ್ಲ. ಎಲೆ ಮಾತ್ರೆಯೊಡನೆ ಸೇರಿ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರಬಹುದು. ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಿ.