ಮೂಗು ಮೂಡುವ ಮೊದಲೇ ಕನ್ನಡಕ

ಒಂದೂವರೆ ವರ್ಷದ ಮಗುವಿನ ಮುಖದಲ್ಲಿ ಕನ್ನಡಕ ಕೂರುವ ಜಾಗವೇ ಇನ್ನೂ ತಯಾರಾಗಿರುವುದಿಲ್ಲ. ದೊಡ್ಡವರಲ್ಲಿ ಎರಡು ಕಣ್ಣುಗಳ ನಡುವೆ ಮೂಗು ಎದ್ದು ನಿಂತಿರುತ್ತದೆ, ಕನ್ನಡಕದ ಭಾರವೆಲ್ಲ ಅದರ ಎರಡು ಇಳಿಜಾರುಗಳ ಮೇಲೆ ಬೀಳುತ್ತದೆ. ಮಗುವಿನಲ್ಲಿ ಅದೇ ಜಾಗ ಚಪ್ಪಟೆ, ಅಗಲ. ಕಿವಿ ಇನ್ನೂ ಮೃದು, ಕಡ್ಡಿ ಒತ್ತಿದರೆ ಬಾಗಿಬಿಡುತ್ತದೆ. ಧಾರಾಳವಾಗಿರುವುದು ಕೆನ್ನೆ ಮಾತ್ರ. ಆದರೆ ಮಗು ನಕ್ಕರೆ ಅದೇ ಕೆನ್ನೆ ಮೇಲೇರಿ ಫ್ರೇಮನ್ನು ತಳ್ಳುತ್ತದೆ. ಹೀಗಾಗಿ ದೊಡ್ಡವರ ಕನ್ನಡಕವನ್ನೇ ಕುಗ್ಗಿಸಿ, ಮೇಲೊಂದು ಕರಡಿಮರಿಯ ಚಿತ್ರ ಅಂಟಿಸಿದರೆ ಅದು ಮಗುವಿನ ಕನ್ನಡಕ ಆಗುವುದಿಲ್ಲ.

ಮಗು ಕನ್ನಡಕ ಕಿತ್ತೆಸೆಯುತ್ತದೆ ಎಂದು ದೂರುವ ಮನೆಗಳಲ್ಲಿ ಮೊದಲು ಪ್ರಸ್ತಾಪಕ್ಕೆ ಬರುವುದು ಮಗುವಿನ ಹಟ. ನನ್ನ ಪ್ರಕಾರ ಹಟವನ್ನು ಕೊನೆಗೆ ಅನುಮಾನಿಸಬೇಕು. ಮೊದಲು ಅಳತೆ, ಆಮೇಲೆ ಪವರ್, ಅನಂತರ ತಲೆಯ ಹಿಂದಿನ ಪಟ್ಟಿ. ಮಾತು ಬಾರದ ಮಗುವಿಗೆ 'ಇದು ಒತ್ತುತ್ತಿದೆ', 'ಇದರಲ್ಲಿ ಮಂಜು ಕಾಣುತ್ತಿದೆ' ಎಂದು ಹೇಳಲು ಇರುವುದು ಕಿತ್ತೆಸೆಯುವ ದಾರಿಯೊಂದೇ.

ಉದಾಹರಣೆಗೆ 20 ತಿಂಗಳ ಒಂದು ಹೆಣ್ಣುಮಗುವನ್ನು ಊಹಿಸಿಕೊಳ್ಳಿ. ಹತ್ತಿರದ ಆಟಿಕೆಯನ್ನು ದಿಟ್ಟಿಸುವಾಗ ಅವಳ ಬಲಗಣ್ಣು ಮೂಗಿನ ಕಡೆಗೆ ವಾಲುತ್ತದೆ. 'ಮೆಳ್ಳೆಗಣ್ಣು ಅದೃಷ್ಟ' ಎಂದು ಅಜ್ಜಿ ಸುಮ್ಮನಿರಿಸಿದ್ದಾರೆ. ಕಣ್ಣಿನ ವೈದ್ಯರು ಹನಿ ಹಾಕಿ ಕಣ್ಣೊಳಗಿನ ಸ್ನಾಯುವನ್ನು ಸಡಿಲಗೊಳಿಸಿ ಪರೀಕ್ಷೆ ಮಾಡುತ್ತಾರೆ. ಮಗು ಅಕ್ಷರ ಓದಬೇಕಾಗಿಲ್ಲ. ರೆಟಿನೋಸ್ಕೋಪಿನ ಬೆಳಕಿನ ಗೆರೆಯನ್ನು ಕಣ್ಣಿನ ಮೇಲೆ ಆಡಿಸಿದಾಗ ಪಾಪೆಯೊಳಗಿಂದ ಒಂದು ಕೆಂಪು ಹೊಳಪು ಹಿಂದಿರುಗುತ್ತದೆ. ಅದು ಯಾವ ದಿಕ್ಕಿಗೆ ಸರಿಯುತ್ತದೆ ಎಂದು ನೋಡುತ್ತಾ, ಆ ಚಲನೆ ನಿಲ್ಲುವವರೆಗೆ ಒಂದೊಂದೇ ಲೆನ್ಸ್ ಅಡ್ಡ ಹಿಡಿಯುತ್ತಾರೆ. ಈ ಮಗುವಿನಲ್ಲಿ ಬಲಕ್ಕೆ +5.50, ಎಡಕ್ಕೆ +5.00 ಬಂತು ಎನ್ನೋಣ. ಹುಟ್ಟುವಾಗ ಬಹುತೇಕ ಮಕ್ಕಳಿಗೆ +2ರ ಆಸುಪಾಸಿನ ಪ್ಲಸ್ ಇದ್ದೇ ಇರುತ್ತದೆ, ಅದಕ್ಕೆ ಕನ್ನಡಕ ಬೇಡ. +5 ಎಂದರೆ ಬೇರೆ ಮಾತು. ಅಷ್ಟು ಪ್ಲಸ್ ಇರುವ ಮಗು ಸ್ಪಷ್ಟವಾಗಿ ನೋಡಲು ಕಣ್ಣಿನ ಸ್ನಾಯುವನ್ನು ಸದಾ ಬಿಗಿಹಿಡಿಯಬೇಕು. ಆ ಬಿಗಿತ ಬಂದಾಗಲೆಲ್ಲ ಎರಡೂ ಕಣ್ಣು ಒಳಕ್ಕೆ ತಿರುಗಬೇಕೆಂಬ ಜೋಡಣೆ ನಮ್ಮ ಮಿದುಳಿನಲ್ಲಿದೆ. ಮೆಳ್ಳೆ ಬಂದದ್ದು ಅದರಿಂದ. ಸ್ನಾಯು ಮಾಡುತ್ತಿದ್ದ ಕೆಲಸವನ್ನು ಲೆನ್ಸ್ ವಹಿಸಿಕೊಂಡರೆ ಕಣ್ಣು ನೇರವಾಗುತ್ತದೆ. ಆದರೆ ಅವಳು ಲೆನ್ಸಿನ ಮೂಲಕವೇ ನೋಡಬೇಕು, ಅದರ ಮೇಲಂಚಿನಿಂದ ಇಣುಕಿ ಅಲ್ಲ.

ಕನ್ನಡಕದಂಗಡಿಯಲ್ಲಿ ಅಪ್ಪ ಹೇಳುವ ಮಾತು ಊಹಿಸಬಹುದು: 'ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ.' ಯೂನಿಫಾರಂ ವಿಷಯದಲ್ಲಿ ಈ ಲೆಕ್ಕ ಸರಿ, ಇಲ್ಲಿ ನಡೆಯುವುದಿಲ್ಲ. ಕಡ್ಡಿಯ ಒಳಬದಿಯಲ್ಲೋ ಮೂಗಿನ ಭಾಗದಲ್ಲೋ ಎರಡು ಅಂಕಿ ಅಚ್ಚಾಗಿರುತ್ತವೆ. ಮೊದಲನೆಯದು ಒಂದು ಲೆನ್ಸಿನ ಅಗಲ, ಎರಡನೆಯದು ಎರಡು ಲೆನ್ಸುಗಳ ನಡುವಿನ ಅಂತರ, ಎರಡೂ ಮಿಲಿಮೀಟರಿನಲ್ಲಿ. ಇವನ್ನು ಕೂಡಿದರೆ ಒಂದು ಲೆನ್ಸಿನ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ದೂರ ಸಿಗುತ್ತದೆ. ಅದು ಮಗುವಿನ ಎರಡು ಪಾಪೆಗಳ ನಡುವಿನ ದೂರಕ್ಕೆ ಆದಷ್ಟು ಹತ್ತಿರ ಇರಬೇಕು. ನಮ್ಮ ಮಗುವಿನ ಪಾಪೆಗಳ ಅಂತರ 46. ಅಪ್ಪನಿಗೆ ಹಿಡಿಸಿದ ಫ್ರೇಮಿನ ಮೇಲೆ 42, 16 ಎಂದಿದೆ. ಕೂಡಿದರೆ 58. ಅಂದರೆ ಒಂದೊಂದು ಬದಿಗೂ 6 ಮಿ.ಮೀ. ವ್ಯತ್ಯಾಸ. ಲೆನ್ಸ್ ಕೊರೆಯುವವರು ಅದರ ಕೇಂದ್ರವನ್ನು 6 ಮಿ.ಮೀ. ಒಳಕ್ಕೆ ಸರಿಸಿ ಸರಿದೂಗಿಸುತ್ತಾರೆ, ನಿಜ. ಆದರೆ ಪ್ಲಸ್ ಲೆನ್ಸ್ ನಡುವಿನಲ್ಲೇ ದಪ್ಪ. ಕೇಂದ್ರ ಸರಿದಂತೆ ಮೂಗಿನ ಕಡೆಯ ಅಂಚು ದಪ್ಪವಾಗಿ, ಒಟ್ಟು ಲೆನ್ಸೂ ಭಾರವಾಗುತ್ತದೆ. ಭಾರದ ಕನ್ನಡಕ ಚಪ್ಪಟೆ ಮೂಗಿನ ಮೇಲಿಂದ ಜಾರುತ್ತದೆ, ಜಾರಿದ್ದು ಕಿರಿಕಿರಿ ಮಾಡುತ್ತದೆ, ಕಿರಿಕಿರಿ ಆದದ್ದು ಮೂಲೆ ಸೇರುತ್ತದೆ. 34, 13 ಎಂದಿರುವ ಫ್ರೇಮ್ ತೆಗೆದುಕೊಂಡರೆ ಮೊತ್ತ 47, ಸರಿಸಬೇಕಾದದ್ದು ಒಂದು ಬದಿಗೆ ಅರ್ಧ ಮಿಲಿಮೀಟರ್.

ಎತ್ತರದ ವಿಚಾರ ಬೇರೆ. ನೆಲದಲ್ಲಿ ಕೂತ ಮಗುವಿಗೆ ಜಗತ್ತೆಲ್ಲ ಮೇಲಿದೆ: ಅಮ್ಮನ ಮುಖ, ಮೇಜಿನ ಅಂಚು, ಕಿಟಕಿ. ಆದ್ದರಿಂದ ಲೆನ್ಸಿನ ಮೇಲಂಚು ಹುಬ್ಬಿನ ಹತ್ತಿರ ತಲುಪಬೇಕು. ಕೆಳಗಂಚು ಕೆನ್ನೆಗೆ ತಾಗಬಾರದು. ಅಂಗಡಿಯಲ್ಲಿ ಮಗುವನ್ನು ಒಮ್ಮೆ ನಗಿಸಿ ನೋಡಿದರೆ ಸಾಕು, ಫ್ರೇಮ್ ಮೇಲೇರುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಈಗ ಬಾಗುವ ಫ್ರೇಮಿನ ಸಂಗತಿ. ಮಕ್ಕಳಿಗೆಂದು ಸಿಗುವ ಮೆತ್ತನೆಯ ಫ್ರೇಮುಗಳು ರಬ್ಬರಿನಂಥ ಒಂದೇ ಅಚ್ಚಿನ ವಸ್ತುವಿನಲ್ಲಿ ಬರುತ್ತವೆ. ಕೀಲಿಲ್ಲ, ಸ್ಕ್ರೂ ಇಲ್ಲ, ಬಾಯಿಗಿಟ್ಟರೆ ನುಂಗುವ ಬಿಡಿಭಾಗವಿಲ್ಲ. ತಿರುಚಿದರೂ ತನ್ನ ಆಕಾರಕ್ಕೆ ಮರಳುತ್ತವೆ. ಆ ಗುಣವೇ ಅವುಗಳ ದೋಷವೂ ಹೌದು. ಅಸಿಟೇಟ್ ಎಂಬ ಹಳೆಯ ಪ್ಲಾಸ್ಟಿಕ್ ಫ್ರೇಮನ್ನು ಬಿಸಿ ಮಾಡಿ ಕಿವಿಗೆ ತಕ್ಕಂತೆ ಬಗ್ಗಿಸಬಹುದು, ಬಗ್ಗಿಸಿದ ಹಾಗೇ ಅದು ನಿಲ್ಲುತ್ತದೆ. ಮೆತ್ತನೆಯ ಫ್ರೇಮ್ ಎಲ್ಲಿಗೆ ಬಗ್ಗಿಸಿದರೂ ವಾಪಸ್ ಬರುತ್ತದೆ. ಅಂದರೆ ಅಂಗಡಿಯವರು ಅದನ್ನು 'ಆಮೇಲೆ ಸರಿಮಾಡಿಕೊಡುತ್ತೇವೆ' ಎಂದರೆ ನಂಬಬೇಡಿ, ಮೂಗಿನ ಮೇಲೆ ಮೊದಲ ದಿನವೇ ಸರಿಯಾಗಿ ಕೂತರಷ್ಟೆ ಕೊಳ್ಳಬೇಕು. ಮೂಗಿಗೆ ತಾಗುವ ಭಾಗ ಕೆಳಕ್ಕೆ ಇಳಿದಿರಬೇಕು, ಅಗಲವಾಗಿರಬೇಕು. ಲೋಹದ ತಂತಿಯ ತುದಿಯ ಎರಡು ಪುಟ್ಟ ಪ್ಯಾಡುಗಳು ಹಸುಳೆಯ ಮೂಗಿಗೆ ಚುಚ್ಚುತ್ತವೆ, ಭಾರವನ್ನು ಎರಡೇ ಬಿಂದುಗಳ ಮೇಲೆ ಹಾಕುತ್ತವೆ. ಲೆನ್ಸು ಪಾಲಿಕಾರ್ಬೊನೇಟಿನದೇ ಆಗಬೇಕೆಂದು ಕೇಳಿ. ಬಿದ್ದರೂ ಹೊಡೆತ ತಿಂದರೂ ಅದು ಸುಲಭಕ್ಕೆ ಚೂರಾಗುವುದಿಲ್ಲ. ಗೀರು ಮಾತ್ರ ಬೇಗ ಬೀಳುತ್ತದೆ. ಆದ್ದರಿಂದ ಸೆರಗಿನಲ್ಲಿ ಒಣಗಿದ್ದಂತೆಯೇ ಒರೆಸದೆ, ನೀರು ಹಾಕಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒತ್ತಿ.

ಪಟ್ಟಿ ಬರುವುದು ಎಲ್ಲಕ್ಕಿಂತ ಕೊನೆಗೆ. ಕಡ್ಡಿಯ ಎರಡೂ ತುದಿಗೆ ಸೇರಿಸಿ ತಲೆಯ ಹಿಂದೆ ಹಾಯಿಸುವ ಎಲಾಸ್ಟಿಕ್ ಪಟ್ಟಿಯ ಕೆಲಸ ಒಂದೇ, ಮೂಗಿನ ಮೇಲೆ ಸರಿಯಾಗಿ ಕೂತ ಕನ್ನಡಕವನ್ನು ಅಲ್ಲೇ ಉಳಿಸುವುದು. ಕೂರದ ಕನ್ನಡಕವನ್ನು ಕೂರಿಸುವುದಲ್ಲ. ದೊಡ್ಡ ಫ್ರೇಮನ್ನು ಪಟ್ಟಿ ಬಿಗಿದು ನಿಲ್ಲಿಸಿದರೆ ಅದು ಹಿಂದಕ್ಕೆ ಎಳೆದುಕೊಂಡು ಮೂಗನ್ನು ಒತ್ತುತ್ತದೆ, ಕಣ್ಣಿನ ರೆಪ್ಪೆ ಲೆನ್ಸಿಗೆ ತಾಗುತ್ತದೆ. ತಲೆಗೂ ಪಟ್ಟಿಗೂ ನಡುವೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಪಟ್ಟಿ ತಲೆಯ ಹಿಂಭಾಗದ ಉಬ್ಬಿನ ಕೆಳಗೆ, ಕಡ್ಡಿಯ ನೇರಕ್ಕೆ ಇರಬೇಕು. ಮೇಲಕ್ಕೆ ಹೋದರೆ ಕನ್ನಡಕ ಓರೆಯಾಗುತ್ತದೆ. ಹೆಚ್ಚು ಹೊತ್ತು ಮಲಗಿಯೇ ಇರುವ ಕೂಸಿಗೆ ಕಡ್ಡಿಯೇ ಇಲ್ಲದ, ಪಟ್ಟಿ ಮಾತ್ರ ಇರುವ ಫ್ರೇಮ್ ಒಳ್ಳೆಯದು, ಮಗ್ಗುಲಾದಾಗ ಕಡ್ಡಿ ಕಿವಿಗೆ ಒತ್ತುವುದಿಲ್ಲ. ನಡೆಯುವ ಮಗುವಿಗೆ ಕಡ್ಡಿಯೂ ಪಟ್ಟಿಯೂ ಇರಲಿ. ನಿದ್ದೆಗೆ ಮುಂಚೆ ಕನ್ನಡಕ, ಪಟ್ಟಿ ಎರಡನ್ನೂ ತೆಗೆಯಬೇಕು. ಕತ್ತಿಗೆ ಇಳಿದ ಪಟ್ಟಿ ಅಪಾಯಕಾರಿ, ಮಗುವಿನ ಹತ್ತಿರ ಯಾರೂ ಇಲ್ಲದಾಗ ಅದು ತಲೆಯ ಮೇಲೆ ಇರಬಾರದು. ಬೇಸಗೆಯಲ್ಲಿ ಬೆವರು ನೆನೆದ ಪಟ್ಟಿಯಿಂದ ಕಿವಿಯ ಹಿಂದೆ ಗುಳ್ಳೆ ಏಳುತ್ತದೆ. ಎರಡು ಪಟ್ಟಿ ಇಟ್ಟುಕೊಂಡು ದಿನ ಬಿಟ್ಟು ದಿನ ತೊಳೆದರೆ ಸಾಕು.

ನಮ್ಮ ಮನೆಗಳಿಗೇ ವಿಶಿಷ್ಟವಾದ ತೊಡಕೂ ಒಂದಿದೆ. ಮುಖಕ್ಕೆ ಕೊಬ್ಬರಿ ಎಣ್ಣೆ, ಕಣ್ಣಿಗೆ ಕಾಡಿಗೆ. ಎಣ್ಣೆ ಸವರಿದ ಮೂಗಿನ ಮೇಲೆ ಯಾವ ಫ್ರೇಮೂ ನಿಲ್ಲದು, ಕಾಡಿಗೆ ಲೆನ್ಸಿಗೆ ಮೆತ್ತಿಕೊಳ್ಳುತ್ತದೆ. ಎಣ್ಣೆಸ್ನಾನ ಬಿಡಬೇಕೆಂದಿಲ್ಲ, ಮುಖ ತೊಳೆದು ಒರೆಸಿದ ಮೇಲೆ ಕನ್ನಡಕ ಹಾಕಿ. ಕಣ್ಣಿಗಂತೂ ಕಾಡಿಗೆ ಹಚ್ಚುವುದನ್ನೇ ಬಿಡಿ.

ಅರ್ಧ ಸೆಂಟಿಮೀಟರ್ ಜಾರಿದರೆ ಏನಾಯಿತು ಎಂದು ಕೇಳಬಹುದು. +5ರ ಲೆನ್ಸು ಅಷ್ಟು ಮುಂದೆ ಬಂದರೆ ಪವರಿನಲ್ಲಿ ಆಗುವ ಬದಲಾವಣೆ 0.13ರಷ್ಟು, ಲೆಕ್ಕಕ್ಕಿಲ್ಲ. ಅಲ್ಲಿ ತೊಂದರೆ ಮಗು ಮೇಲಂಚಿನಿಂದ ನೋಡುವುದು ಮಾತ್ರ. ಹುಟ್ಟಿನಿಂದ ಬಂದ ಪೊರೆಯನ್ನು ತೆಗೆಸಿಕೊಂಡ, ಒಳಗೆ ಲೆನ್ಸ್ ಇಡದ ಹಸುಳೆಯ ಕತೆ ಹಾಗಲ್ಲ. ಅದರ ಕನ್ನಡಕ +20 ಇರಬಹುದು. ದೂರಕ್ಕೆ ಬೇಕಾದ್ದು +17, ಕೂಸಿನ ಜಗತ್ತು ತೋಳಿನಳತೆಯಷ್ಟೇ ಆದ್ದರಿಂದ ಮೇಲೆ +3 ಸೇರಿಸಿರುತ್ತಾರೆ. ಆಗ 33 ಸೆಂ.ಮೀ. ದೂರದ ಅಮ್ಮನ ಮುಖ ಸ್ಪಷ್ಟ. ಕನ್ನಡಕ 5 ಮಿ.ಮೀ. ಮುಂದೆ ಜಾರಿದರೆ ದೂರದಿಂದ ಬರುವ ಬೆಳಕಿಗೆ ಅದೇ ಲೆನ್ಸು ಮೊದಲಿನ ಜಾಗದಲ್ಲಿಟ್ಟ +22.2ರಂತೆ ಕೆಲಸ ಮಾಡುತ್ತದೆ, ಸ್ಪಷ್ಟ ಕಾಣುವ ದೂರ ಸುಮಾರು 23 ಸೆಂ.ಮೀ.ಗೆ ಇಳಿಯುತ್ತದೆ. ಅಂಥ ಮಗುವಿಗೆ ಪಟ್ಟಿ ಅಲಂಕಾರವಲ್ಲ, ಚೀಟಿಯಲ್ಲಿ ಬರೆದ ಪವರಿನದೇ ಒಂದು ಭಾಗ.

ಮತ್ತೆ ನಮ್ಮ 20 ತಿಂಗಳವಳ ಬಳಿಗೆ. ಅಳತೆ ಸರಿ, ಪಟ್ಟಿ ಸರಿ, ಆದರೂ ಅವಳು ತಲೆ ಬಗ್ಗಿಸಿ ಮೇಲಿನಿಂದ ಇಣುಕುತ್ತಾಳೆ. ಇದಕ್ಕೆ ಕಾರಣ ಕಣ್ಣೊಳಗಿದೆ. ಹುಟ್ಟಿದಂದಿನಿಂದ ಬಿಗಿದುಕೊಂಡೇ ನೋಡಿದ ಸ್ನಾಯು ಕನ್ನಡಕ ಹಾಕಿದ ಕೂಡಲೇ ಸಡಿಲಾಗುವುದಿಲ್ಲ. ಆ ಬಿಗಿತದ ಮೇಲೆ ಪೂರ್ತಿ ಪ್ಲಸ್ ಸೇರಿದರೆ ದೂರದ್ದು ಮಸುಕು. ಸ್ನಾಯು ಸಡಿಲಾಗಲು ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಹಿಡಿಯುತ್ತದೆ. ಆ ಮಸುಕು ದಾಟಿಸಲು ವೈದ್ಯರೇ ಕೆಲವು ದಿನ ಅಟ್ರೋಪಿನ್ ಹನಿ ಬರೆಯುವುದುಂಟು: ಸ್ನಾಯು ಕೆಲಸ ಮಾಡದಂತಾದಾಗ ಕನ್ನಡಕವಿಲ್ಲದೆ ಯಾವುದೂ ಸ್ಪಷ್ಟವಾಗಿ ಕಾಣದು, ಮಗು ತಾನಾಗಿ ಅದನ್ನು ಒಪ್ಪಿಕೊಳ್ಳುತ್ತದೆ. ಅದಕ್ಕೂ ಮುಂಚೆ ಹೊಸ ಕನ್ನಡಕವನ್ನು ಆಸ್ಪತ್ರೆಗೆ ಒಯ್ದು ಲೆನ್ಸ್‌ಮೀಟರಿನಲ್ಲಿ ಅಳತೆ ಮಾಡಿಸಿ. ಎಡದ ಲೆನ್ಸು ಬಲಕ್ಕೆ ಹೋಗಿರುವುದೂ ಉಂಟು.

ಹಾಕುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿ, ಎದುರಿನಿಂದ, ಎರಡೂ ಕೈಯಲ್ಲಿ ಕಡ್ಡಿ ಹಿಡಿದು ಹಾಕಿ. ಎರಡೂ ಕೈಗೆ ಕೆಲಸ ಕೊಡುವ ಆಟ ಆ ಹೊತ್ತಿಗೆ ಸಿದ್ಧವಿರಲಿ. ಕಿತ್ತರೆ ಗದರುವುದೂ ಬೇಡ, ನಗುವುದೂ ಬೇಡ. ಎರಡೂ ಅದನ್ನು ಆಟವಾಗಿಸುತ್ತವೆ. ಸುಮ್ಮನೆ ತೆಗೆದಿಟ್ಟು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹಾಕಿ. ಕಿತ್ತ ಮೇಲೆ ಮೂಗನ್ನು ನೋಡಿ: ಗುಲಾಬಿ ಗುರುತು ಬೇಗ ಮಾಯವಾದರೆ ಚಿಂತೆಯಿಲ್ಲ, ಕೆಂಪು ಉಳಿದುಕೊಂಡರೆ, ಚರ್ಮ ಸುಲಿದಿದ್ದರೆ ಅಂಗಡಿಗೆ ಹೋಗಬೇಕಾದ್ದು ನೀವು.

ಇನ್ನೊಂದು ಸಂಗತಿ ತಂದೆತಾಯಿಯರನ್ನು ಹೆದರಿಸುತ್ತದೆ. ಕನ್ನಡಕ ಹಾಕಿದಾಗ ನೇರವಾಗಿದ್ದ ಕಣ್ಣು, ಸ್ನಾನಕ್ಕೆಂದು ತೆಗೆದ ಕೂಡಲೇ ಮೊದಲಿಗಿಂತ ಹೆಚ್ಚೇ ತಿರುಗಿದಂತೆ ಕಾಣುತ್ತದೆ. 'ಕನ್ನಡಕವೇ ಕಣ್ಣು ಕೆಡಿಸಿತು' ಎಂದು ಮನೆಮಂದಿಯೆಲ್ಲ ತೀರ್ಮಾನಿಸುವುದು ಆಗಲೇ. ಆಗಿದ್ದು ಇಷ್ಟೆ: ಸ್ಪಷ್ಟವಾಗಿ ನೋಡುವುದು ಏನೆಂದು ಕಲಿತ ಮಗು, ಕನ್ನಡಕವಿಲ್ಲದಾಗಲೂ ಅಷ್ಟೇ ಸ್ಪಷ್ಟತೆಗಾಗಿ ಕಣ್ಣನ್ನು ಮತ್ತಷ್ಟು ಬಿಗಿಯುತ್ತದೆ. ಹಾಕಿದಾಗಲೂ ತಿರುಗಿಯೇ ಇದ್ದರೆ ಮಾತ್ರ ಮುಂದಿನ ಭೇಟಿಯ ದಿನಕ್ಕೆ ಕಾಯದೆ ವೈದ್ಯರ ಬಳಿ ಹೋಗಬೇಕು.

ಫ್ರೇಮು ಚಿಕ್ಕದಾಯಿತು ಎಂಬುದು ಮೊದಲು ಗೊತ್ತಾಗುವುದು ಕಡ್ಡಿಯಲ್ಲಿ. ಅದರ ಬಾಗು ಕಿವಿಯ ಹಿಂದಕ್ಕೆ ತಲುಪದೆ ಕಿವಿಯ ಮೇಲೆಯೇ ನಿಲ್ಲುತ್ತದೆ, ಕಡ್ಡಿಗಳು ಕಣತಲೆಗೆ ಒತ್ತಿ ಗೆರೆ ಮೂಡಿಸುತ್ತವೆ. ಎರಡು ವರ್ಷದೊಳಗಿನ ಮಕ್ಕಳ ಮುಖ ಬೇಗ ಬೆಳೆಯುವುದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಅಂಗಡಿಯಲ್ಲಿ ತೋರಿಸುವುದು ವಾಡಿಕೆ. ಆಗ ಹಳೆಯ ಲೆನ್ಸುಗಳನ್ನೇ ಹೊಸ ಫ್ರೇಮಿಗೆ ಕೂರಿಸಿಕೊಡಿ ಎನ್ನಬೇಡಿ. ದೊಡ್ಡ ಫ್ರೇಮಿಗೆ ಅವು ಸಾಲುವುದಿಲ್ಲ, ಪಾಪೆಗಳ ಅಂತರವೂ ಅಷ್ಟರಲ್ಲಿ ಬದಲಾಗಿರುತ್ತದೆ.